ಕಾರ್ಪೆಟ್, ಬಿಲ್ಟ್‌ಅಪ್, ಸೂಪರ್ ಬಿಲ್ಟ್‌ಅಪ್: ಕೊಟೇಶನ್ನಿನ 1200 ಚದರ ಅಡಿ ಎಲ್ಲಿ ಹೋಯ್ತು?

ಬಿಲ್ಡರ್ ಕೊಟ್ಟ ಕೊಟೇಶನ್ನಿನಲ್ಲಿ 1200 ಚದರ ಅಡಿ, ಅಡಿಗೆ 7000 ರೂಪಾಯಿ, ಒಟ್ಟು 84 ಲಕ್ಷ ಅಂತ ಇದೆ ಅಂದುಕೊಳ್ಳಿ. ಪಕ್ಕದಲ್ಲಿ ಸಣ್ಣದಾಗಿ ಎಸ್‌ಬಿಎ ಅಂತಲೂ ಇರುತ್ತದೆ. ಅದೇ ಸೂಪರ್ ಬಿಲ್ಟ್‌ಅಪ್ ಏರಿಯಾ.

ಒಳಗಿನಿಂದ ಶುರು ಮಾಡೋಣ. ಮನೆಯೊಳಗೆ ನೀವು ಓಡಾಡುವ ಜಾಗ, ಜೊತೆಗೆ ಕೋಣೆಗಳ ನಡುವಿನ ಗೋಡೆಗಳು, ಇಷ್ಟು ಕಾರ್ಪೆಟ್ ಏರಿಯಾ. ಇದನ್ನು ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಇರುವ 2016ರ ರೇರಾ ಕಾಯ್ದೆಯೇ ಹೇಳಿದೆ. ಹೊರಗೋಡೆ, ಬಾಲ್ಕನಿ, ಪೈಪು ಹೋಗುವ ಡಕ್ಟ್, ನಿಮಗೊಬ್ಬರಿಗೇ ಬಿಟ್ಟ ತೆರೆದ ಟೆರೇಸ್ ಇದರಲ್ಲಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದು 780 ಅಡಿ ಇರಲಿ. ಅದಕ್ಕೆ ಹೊರಗೋಡೆಯ 50, ಬಾಲ್ಕನಿಯ 60 ಸೇರಿಸಿದರೆ 890, ಇದು ಬಿಲ್ಟ್‌ಅಪ್. ಉಳಿದ 310 ಅಡಿ ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್‌ಗಳಲ್ಲಿ ನಿಮ್ಮ ಪಾಲು. ಎಲ್ಲ ಸೇರಿ 1200.

ಈ ಪಾಲಿನ ಲೆಕ್ಕದಲ್ಲೇ ಆಟ ಇರೋದು. ಕಾರ್ಪೆಟ್‌ಗೆ ಕಾಯ್ದೆಯ ಅಳತೆ ಇದೆ, ಸೂಪರ್ ಬಿಲ್ಟ್‌ಅಪ್‌ಗೆ ರೇರಾದಲ್ಲಿ ಅಂಥದ್ದೇನಿಲ್ಲ, ಹಾಗಾಗಿ ಯಾವುದನ್ನೆಲ್ಲ ಸೇರಿಸಬೇಕು ಅನ್ನೋದು ಒಬ್ಬೊಬ್ಬ ಬಿಲ್ಡರ್‌ಗೆ ಒಂದೊಂದು ಥರ. ಲೋಡಿಂಗ್, ಅಂದರೆ ಕಾರ್ಪೆಟ್ ಮೇಲೆ ಸೇರಿಸಿದ ಜಾಗ, ಎಷ್ಟು ಅಂತ ಕೇಳಿದರೆ ಸೇಲ್ಸ್‌ನವರು ಶೇ 35 ಅನ್ನಬಹುದು. ಸುಳ್ಳಲ್ಲ, 1200ರಲ್ಲಿ 780 ಕಳೆದರೆ 420, ಅದು 1200ರ ಶೇ 35. ಆದರೆ ಅದೇ 420ನ್ನು ನಿಮ್ಮ 780ರ ಮೇಲೆ ಹಾಕಿ ನೋಡಿ, ಸುಮಾರು ಶೇ 54 ಆಗುತ್ತದೆ! ಯಾವುದರ ಮೇಲೆ ಶೇಕಡ ಹಾಕಿದ್ದೀರಿ ಅಂತ ಕೇಳದಿದ್ದರೆ ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಬ್ಬ ಬಿಲ್ಡರ್ ಅಡಿಗೆ 7300 ಹೇಳುತ್ತಾನೆ, 1120 ಅಡಿ, ಒಟ್ಟು 81.76 ಲಕ್ಷ. ಅಡಿ ರೇಟು ಜಾಸ್ತಿ, ಮನೆಯೂ ಚಿಕ್ಕದು ಅನ್ನಿಸುತ್ತೆ ಅಲ್ವಾ? ಕಾರ್ಪೆಟ್ ನೋಡಿದರೆ 800. ಒಟ್ಟು ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿ: ಮೊದಲನೆಯದು ಅಡಿಗೆ ಸುಮಾರು 10,770, ಎರಡನೆಯದು 10,220. ರೇಟು ಜಾಸ್ತಿ ಇದ್ದ ಮನೆಯೇ ಅಗ್ಗ, ಒಳಗೆ 20 ಅಡಿ ದೊಡ್ಡದು ಕೂಡ. ಬಾಲ್ಕನಿ ಮಾತ್ರ ಬೇರೆಯಾಗಿ ನೋಡಿಕೊಳ್ಳಿ, ಅದು ಈ ಭಾಗಾಕಾರದಲ್ಲಿ ಇಲ್ಲ.

ಕಾರ್ಪೆಟ್ ಸಂಖ್ಯೆಯನ್ನು ಬಾಯಿಮಾತಿಗೆ ಬಿಡಬೇಡಿ. ಪ್ರಾಜೆಕ್ಟ್ ರೇರಾದಲ್ಲಿ ನೋಂದಣಿ ಆಗಿದ್ದರೆ ರಾಜ್ಯದ ರೇರಾ ವೆಬ್‌ಸೈಟಿನಲ್ಲಿ ಫ್ಲ್ಯಾಟ್‌ಗಳ ಕಾರ್ಪೆಟ್ ಅಳತೆ ಇರುತ್ತದೆ. ಅದು ಮತ್ತು ಅಗ್ರಿಮೆಂಟಿನಲ್ಲಿರುವುದು ಒಂದೇ ಇರಬೇಕು.

ಆಮೇಲೆ ಟೇಪು ಹಿಡಿದು ಕೋಣೆ ಕೋಣೆ ಅಳೆದು ಕೂಡಿದಾಗ 780 ಬರದೆ 735 ಬಂದರೆ ತಕ್ಷಣ ಜಗಳಕ್ಕೆ ಹೋಗಬೇಡಿ. ಒಳಗೋಡೆಗಳ ದಪ್ಪ ನಿಮ್ಮ ಟೇಪಿಗೆ ಸಿಕ್ಕಿಲ್ಲ, ಮೊದಲು ಅದನ್ನು ಲೆಕ್ಕ ಹಾಕಿ. ಆಗಲೂ ಕಮ್ಮಿ ಬಂದರೆ ಜಗಳ ಮಾಡಿ.