77ಕ್ಕೆ /28 ಹಾಕಿದರೆ ಬ್ಲಾಕ್ ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ: 203.0.113.77ರಿಂದ ಒಬ್ಬ ಕಾಟ ಕೊಡುತ್ತಿದ್ದ. ಆಮೇಲೆ 203.0.113.82ರಿಂದಲೂ ಬಂದ. 77ರಿಂದ 92ರವರೆಗೆ 16 ವಿಳಾಸ ಮುಚ್ಚಿಬಿಡೋಣ ಅಂತ 203.0.113.77/28 ಬ್ಲಾಕ್ ಮಾಡಿದೆ. ಅವನು ಈಗಲೂ ಬರುತ್ತಿದ್ದಾನೆ. ಸಂಬಂಧವೇ ಇಲ್ಲದ ಇನ್ನೊಬ್ಬರು ಸೈಟ್ ತೆರೆಯುತ್ತಿಲ್ಲ ಅನ್ನುತ್ತಿದ್ದಾರೆ. ಏನು ತಪ್ಪಾಯಿತು?

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ. ಪ್ರತಿ ಸಲವೂ ತಪ್ಪು ಒಂದೇ. ನೀವು ಬರೆದ ವಿಳಾಸದಿಂದಲೇ ಬ್ಲಾಕ್ ಶುರುವಾಗುತ್ತದೆ ಅಂತ ಅಂದುಕೊಳ್ಳುತ್ತೀರಿ. ಹಾಗಲ್ಲ.

16 ವಿಳಾಸ ಅನ್ನುವುದು ಸರಿ. ಐಪಿವಿ4 ವಿಳಾಸದಲ್ಲಿ 32 ಬಿಟ್. ಅದರಲ್ಲಿ 28 ಕಳೆದರೆ 4 ಉಳಿಯುತ್ತದೆ. ಎರಡನ್ನು ನಾಲ್ಕು ಸಲ ಗುಣಿಸಿದರೆ 16. ಆದರೆ ಆ ಹದಿನಾರರ ಗುಂಪುಗಳ ಗೆರೆ ಮೊದಲೇ ಎಳೆದಾಗಿದೆ: 0–15, 16–31, 32–47, 48–63, 64–79, 80–95, ಹೀಗೆ. ನೀವು 77 ಅಂತ ಬರೆದಾಗ ಹೇಳುತ್ತಿರುವುದು 'ಇಲ್ಲಿಂದ ಮುಂದಕ್ಕೆ 16' ಅಂತ ಅಲ್ಲ. '77 ಇರುವ ಗುಂಪು' ಅಂತ. ಆ ಗುಂಪು 64ರಿಂದ 79ರವರೆಗೆ.

ಈಗ ಏನಾಯಿತು ನೋಡಿ. 64ರಿಂದ 76ರವರೆಗಿನ 13 ವಿಳಾಸಗಳವರು ಏನೂ ಮಾಡದೆ ಹೊರಗೆ ನಿಂತರು. 82 ಮಾತ್ರ ಪಕ್ಕದ ಗುಂಪಿನಲ್ಲಿ ಆರಾಮವಾಗಿದೆ.

ಯಾಕೆ ಹೀಗೆ ಅಂದರೆ, ಫೈರ್‌ವಾಲ್ ಎಣಿಸುವುದೇ ಇಲ್ಲ, ಹೋಲಿಸುತ್ತದೆ ಅಷ್ಟೇ. /28 ಅಂದರೆ ಮೊದಲ 28 ಬಿಟ್ ಒಂದೇ ಇದೆಯಾ ನೋಡು, ಉಳಿದದ್ದನ್ನು ಬಿಡು ಅಂತ. ಮೊದಲ ಮೂರು ಸಂಖ್ಯೆಗಳಲ್ಲೇ 24 ಬಿಟ್ ಮುಗಿಯುತ್ತದೆ. ಕೊನೆಯ ಸಂಖ್ಯೆಯಲ್ಲಿ ನೋಡಬೇಕಾದ್ದು ಇನ್ನು 4 ಮಾತ್ರ:

```
77 = 0100 1101
82 = 0101 0010
```

ಎಡಗಡೆಯ ನಾಲ್ಕು ಬಿಟ್ ಬೇರೆ ಬೇರೆ. ಹಾಗಾಗಿ 82 ಸಿಕ್ಕಿಬೀಳಲಿಲ್ಲ. ಬಲಗಡೆಯ 1101 ಬರೆದರೂ ಒಂದೇ, ಬರೆಯದಿದ್ದರೂ ಒಂದೇ.

ಬೈನರಿ ಬೇಡ ಅಂದರೆ ಭಾಗಾಕಾರ ಸಾಕು. 77ನ್ನು 16ರಿಂದ ಭಾಗಿಸಿ, 4 ಬರುತ್ತದೆ, ಶೇಷ 13. ಶೇಷವನ್ನು 77ರಿಂದ ಕಳೆಯಿರಿ: 64, ಅದೇ ಶುರು. ಅದಕ್ಕೆ 15 ಸೇರಿಸಿ: 79, ಅದೇ ಕೊನೆ. 16ರ ಜಾಗದಲ್ಲಿ ಆಯಾ ಬ್ಲಾಕ್‌ನ ಗಾತ್ರ, 15ರ ಜಾಗದಲ್ಲಿ ಅದಕ್ಕಿಂತ ಒಂದು ಕಡಿಮೆ ಹಾಕಿದರೆ /24ರಿಂದ /32ರವರೆಗೆ ಈ ಲೆಕ್ಕ ಯಾವತ್ತೂ ತಪ್ಪುವುದಿಲ್ಲ.

ಕೆಲವು ಸಾಫ್ಟ್‌ವೇರ್ ಈ ತಪ್ಪನ್ನು ಮುಖಕ್ಕೇ ಹೇಳುತ್ತವೆ. nginxನಲ್ಲಿ ಹೀಗೆ ಬರೆದರೆ `low address bits of 203.0.113.77/28 are meaningless` ಅನ್ನುವ ಎಚ್ಚರಿಕೆ ಬರುತ್ತದೆ. ದಯವಿಟ್ಟು ಅದನ್ನು ಓದಿ. iptables ಏನೂ ಹೇಳದೆ 203.0.113.64/28 ಅಂತ ತಿದ್ದಿಕೊಳ್ಳುತ್ತದೆ. ನಿಯಮ ಹಾಕಿದ ಮೇಲೆ ಪಟ್ಟಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಅನುಮಾನ ಇದ್ದರೆ ಪೈಥಾನ್‌ನಲ್ಲಿ:

```
import ipaddress
n = ipaddress.ip_network("203.0.113.77/28", strict=False)
print(n[0], n[-1])
```

ಉತ್ತರ 203.0.113.64 203.0.113.79 ಅಂತ ಬರುತ್ತದೆ.

ಹಾಗಾದರೆ 77 ಮತ್ತು 82 ಎರಡನ್ನೂ ಹಿಡಿಯುವ ಒಂದೇ ಬ್ಲಾಕ್ ಯಾವುದು? ಮೇಲಿನ ಎರಡು ಸಾಲು ಮತ್ತೆ ನೋಡಿ. ಎಡದಿಂದ 010 ಮಾತ್ರ ಸಮ. 24ಕ್ಕೆ 3 ಸೇರಿಸಿ, /27. ಅಂದರೆ 64ರಿಂದ 95. ಎರಡು ವಿಳಾಸ ತಡೆಯಲು 32 ವಿಳಾಸ ಮುಚ್ಚಿದ ಹಾಗಾಯಿತು, 30 ಜಾಸ್ತಿ. ಇದು ಬೇಡ. 203.0.113.77/32, 203.0.113.82/32 ಅಂತ ಎರಡು ಸಾಲು ಬರೆಯಿರಿ. ನಡುವಿನವೂ ಅವನವೇ ಅಂತ ಲಾಗ್‌ನಲ್ಲಿ ಖಚಿತವಾದರೆ ನಾಲ್ಕು ಸಾಲು ಸಾಕು: 77/32, 78/31, 80/31, 82/32. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅಗಲವಾದ ಬ್ಲಾಕ್ ಹಾಕಲೇಬೇಕಾದರೆ, ಮೊದಲು ಕಳೆದ ಕೆಲವು ವಾರಗಳ ಲಾಗ್‌ನಲ್ಲಿ ಆ ವ್ಯಾಪ್ತಿಯಿಂದ ಬೇರೆ ಯಾರು ಬಂದಿದ್ದಾರೆ ಹುಡುಕಿ. ಒಳ್ಳೆಯ ಬಳಕೆದಾರರು ಕಂಡರೆ ಅಲ್ಲಿಗೇ ನಿಲ್ಲಿಸಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಈ ಜಿಪುಣತನ ಐಪಿವಿ6ಗೆ ಹಾಗೇ ಹೊಂದುವುದಿಲ್ಲ. ಅಲ್ಲಿ ಒಂದು ಮನೆಯ ಸಂಪರ್ಕಕ್ಕೆ ಸಾಮಾನ್ಯವಾಗಿ ಕನಿಷ್ಠ ಒಂದು ಇಡೀ /64 ಸಿಗುತ್ತದೆ. ಅದರೊಳಗೆ ಕಂಪ್ಯೂಟರ್ ತಾನೇ ಆಗಾಗ ವಿಳಾಸ ಬದಲಿಸುತ್ತದೆ. ಒಂದೇ ವಿಳಾಸ ತಡೆದರೆ ನಾಳೆ ಇನ್ನೊಂದರಿಂದ ಬರುತ್ತಾನೆ. ಅಲ್ಲಿ /64 ತಡೆಯುವುದೇ ಒಬ್ಬನನ್ನು ತಡೆದ ಹಾಗೆ. ಲೆಕ್ಕವೂ ಸುಲಭ: ಮೊದಲ ನಾಲ್ಕು ಗುಂಪು ಇಟ್ಟುಕೊಂಡು ಉಳಿದದ್ದನ್ನು ಬಿಡಿ. 2001:db8:12:34:a1b2:c3d4:e5f6:789 ಇದ್ದರೆ 2001:db8:12:34::/64 ಅಂತ ಬರೆಯಿರಿ.