ಬಿಸಿಯೂಟದ ದಾಖಲೆ: ಟಿಕ್ ಗುರುತಿನ ಬದಲು ಅಂಕಿ, ಸಮಯ

ಬಿಸಿಯೂಟದ ಪರಿಶೀಲನಾ ಪಟ್ಟಿಯಲ್ಲಿ ಸಾಮಾನ್ಯವಾಗಿ ‘ಅಡುಗೆ ಕೋಣೆ ಸ್ವಚ್ಛವಿದೆ’, ‘ರುಚಿ ನೋಡಲಾಗಿದೆ’ ಎಂಬ ಸಾಲುಗಳ ಮುಂದೆ ಟಿಕ್ ಹಾಕುವ ಜಾಗವಿರುತ್ತದೆ. ಇಡೀ ತಿಂಗಳ ಟಿಕ್‌ಗಳನ್ನು ಒಂದೇ ದಿನ ಕೂತು ಹಾಕಿದರೂ ಯಾರಿಗೂ ತಿಳಿಯದು. ಅಂಕಿ ಮತ್ತು ಸಮಯವನ್ನು ಬರೆಯಬೇಕಾದ ಅಂಕಣಗಳಿದ್ದರೆ ಮಾತ್ರ ದಾಖಲೆಯನ್ನು ತಾಳೆ ನೋಡಬಹುದು.

ಹೊಸನಗರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳೋಣ. ಒಂದರಿಂದ ಐದನೆಯ ತರಗತಿಯಲ್ಲಿ 36 ಮಕ್ಕಳು, ಆರರಿಂದ ಎಂಟರಲ್ಲಿ 26 ಮಕ್ಕಳಿದ್ದಾರೆ. ಕಿರಿಯರಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ; ಹಿರಿಯರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ ಎಂಬುದು ನಿಗದಿಯಾದ ಪ್ರಮಾಣ. ಎಲ್ಲರೂ ಬಂದರೆ 7.5 ಕೆ.ಜಿ. ಅಕ್ಕಿ ಬೇಕು. ಜುಲೈ ತಿಂಗಳಲ್ಲಿ ಹಳ್ಳ ತುಂಬಿ, ಕಿರಿಯರು 30 ಮತ್ತು ಹಿರಿಯರು 20 ಮಂದಿ ಮಾತ್ರ ಬಂದ ದಿನ ಬೇಕಾಗುವುದು 6 ಕೆ.ಜಿ. ಅಕ್ಕಿ, 1.2 ಕೆ.ಜಿ. ಬೇಳೆ. ಮಳೆಗಾಲವಿಡೀ ಪುಸ್ತಕದಲ್ಲಿ 7.5 ಎಂದೇ ಇದ್ದರೆ, ಹಾಜರಿ ನೋಡದೆ ಹಿಂದಿನ ಸಾಲನ್ನೇ ನಕಲು ಮಾಡಿದ್ದಾರೆಂದು ಸಂಶಯಪಡಬೇಕು. ಆಗ ಉಳಿಕೆ ಚೀಲಗಳನ್ನು ತೂಗಿ ನೋಡುವುದೊಂದೇ ದಾರಿ.

ಇನ್ನು ಸಮಯ. ನನ್ನ ಮಟ್ಟಿಗೆ ಇಡೀ ನಮೂನೆಯಲ್ಲಿ ಹೆಚ್ಚು ಬೆಲೆಯುಳ್ಳವು ಈ ಮೂರು ಅಂಕಣಗಳು: ಅನ್ನ ಇಳಿಸಿದ್ದು, ರುಚಿ ನೋಡಿದ್ದು, ಬಡಿಸಲು ಆರಂಭಿಸಿದ್ದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿನಲ್ಲೂ ಉಳಿದುಕೊಳ್ಳಬಲ್ಲವು. ಅನ್ನ ಉಗುರುಬೆಚ್ಚಗಾಗಿ ಬಹಳ ಹೊತ್ತು ಕೂತರೆ ಅವು ಮೊಳೆತು, ವಾಂತಿ ತರಿಸುವ ವಿಷವನ್ನು ಉತ್ಪಾದಿಸುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಬಡಿಸುವವರೆಗೆ ಅನ್ನ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು. 11.20ಕ್ಕೆ ಇಳಿಸಿ, 12.30ಕ್ಕೆ ರುಚಿ ನೋಡಿ, 1 ಗಂಟೆಗೆ ಬಡಿಸಿದ್ದರೆ, ಪಾತ್ರೆ ಮುಚ್ಚಿದ್ದರೆ ಸಾಕು. ಕೆಲಸ ಬೇಗ ಮುಗಿಯಲೆಂದು 10.15ಕ್ಕೇ ಇಳಿಸಿದ್ದರೆ ಅನ್ನ ಹೆಚ್ಚುಕಡಿಮೆ ಮೂರು ಗಂಟೆ ಕೂತಿರುತ್ತದೆ, ಮಳೆಯ ಥಂಡಿಯಲ್ಲಂತೂ ಬೇಗನೆ ಆರುತ್ತದೆ. ಇಂಥ ಅನ್ನ ವಾಸನೆಯಲ್ಲಿಯೂ ರುಚಿಯಲ್ಲಿಯೂ ಕೆಟ್ಟಂತೆ ತೋರದಿರಬಹುದು; ಹಾಗಾಗಿ ನಾಲಿಗೆಯ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

ರುಚಿ ನೋಡಿದ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರು ಬಡಿಸುವ ಮೊದಲೇ ಸಹಿ ಮಾಡಬೇಕು. ‘ಚೆನ್ನಾಗಿದೆ’ ಎಂಬ ಒಂದೇ ಪದದ ಬದಲು ‘ಬೇಳೆ ಅರ್ಧ ಬೆಂದಿದೆ, ಇನ್ನೂ ಕುದಿಸಲಾಯಿತು’ ಎಂದು ಬರೆದಿದ್ದರೆ ಆ ದಿನ ಯಾರೋ ನಿಜವಾಗಿ ಉಂಡು ನೋಡಿದ್ದಾರೆಂದು ಗೊತ್ತಾಗುತ್ತದೆ.

ದಾಸ್ತಾನಿಗೆ ಮಲೆನಾಡಿನಲ್ಲಿ ಪ್ರತ್ಯೇಕ ಸಾಲು ಬೇಕು. ಚೀಲಗಳು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿಯಷ್ಟು ದೂರದಲ್ಲಿವೆಯೇ ಎಂದು ವಾರಕ್ಕೊಮ್ಮೆ ನೋಡಬೇಕು. ಜೊತೆಗೆ ಅಡಿಯ ಚೀಲದೊಳಗೆ ಕೈ ಹಾಕಿ ಒಂದು ಮುಷ್ಟಿ ಅಕ್ಕಿ ತೆಗೆದು ಮೂಸಬೇಕು. ಮೇಲಿನ ಚೀಲ ಒಣಗಿದ್ದರೂ ಅಡಿಯದು ತೇವವೆಳೆದು ಮುಗ್ಗಲು ಹಿಡಿದಿರಬಹುದು. ದಾಖಲೆಯಲ್ಲಿ ‘ಸರಿಯಿದೆ’ ಎನ್ನುವ ಬದಲು ‘ಅಡಿಯ ಎರಡು ಚೀಲ ಬೇರ್ಪಡಿಸಲಾಗಿದೆ, ಬಳಸಿಲ್ಲ’ ಎಂದು ಬರೆದು, ಅಷ್ಟು ತೂಕವನ್ನು ಉಳಿಕೆಯಲ್ಲಿ ಬೇರೆಯಾಗಿಯೇ ತೋರಿಸಬೇಕು.