ಶೇ 10 ಎಂದರೆ ಯಾವುದರ ಶೇ 10?

ಸೂಚ್ಯಂಕ ಶೇ 10ರಷ್ಟು ಏರಿದರೆ ಅಥವಾ ಬಿದ್ದರೆ ಇಡೀ ಷೇರುಪೇಟೆಯ ವಹಿವಾಟು ನಿಲ್ಲುತ್ತದೆ. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6 ಕುಸಿದ ಮೇಲೆ ಅಮೆರಿಕದಲ್ಲಿ ಹುಟ್ಟಿದ ಈ ‘ಸರ್ಕ್ಯೂಟ್ ಬ್ರೇಕರ್’ ಭಾರತಕ್ಕೆ ಬಂದಿದ್ದು 2001ರ ಜುಲೈನಲ್ಲಿ. ಸೆನ್ಸೆಕ್ಸ್ ಅಥವಾ ನಿಫ್ಟಿ, ಯಾವುದು ಮೊದಲು ಶೇ 10, 15, 20ರ ಗಡಿ ಮುಟ್ಟುತ್ತದೋ ಅದೇ ಲೆಕ್ಕ. ಒಂದೊಂದೇ ಷೇರಿನ ಬೆಲೆಯ ಏರಿಳಿತಕ್ಕೆ ಬೀಳುವ ಮಿತಿ, ಅಂದರೆ ಅಪ್ಪರ್, ಲೋವರ್ ಸರ್ಕ್ಯೂಟ್, ಬೇರೆಯ ಮಾತು.

ನಿಯಮ ಸರಳ. ಗೊಂದಲವೆಲ್ಲ ಅಳತೆಯದ್ದು. ಮೊದಲು ಈ ಗಡಿಯನ್ನು ಹಿಂದಿನ ತ್ರೈಮಾಸಿಕದ ಕೊನೆಯ ಮಟ್ಟದಿಂದ ಅಂಶಗಳಲ್ಲಿ ಲೆಕ್ಕ ಹಾಕಿ, ಮೂರು ತಿಂಗಳು ಹಾಗೆಯೇ ಇಡುತ್ತಿದ್ದರು. 2009ರ ಮಾರ್ಚ್ ಅಂತ್ಯಕ್ಕೆ ಸೆನ್ಸೆಕ್ಸ್ ಸುಮಾರು 9,708 ಇತ್ತು. ದಿನದ ವಹಿವಾಟನ್ನೇ ನಿಲ್ಲಿಸುವ ಶೇ 20ರ ಗಡಿ ಎಂದರೆ ಸುಮಾರು 1,940 ಅಂಶ. ಮೇ ಮಧ್ಯದ ಹೊತ್ತಿಗೆ ಸೂಚ್ಯಂಕ 12,173ಕ್ಕೆ ಏರಿತ್ತು, ಗಡಿ ಮಾತ್ರ ಇದ್ದಲ್ಲೇ ಇತ್ತು. ಮೇ 18ರಂದು, ಲೋಕಸಭಾ ಫಲಿತಾಂಶದ ನಂತರದ ಸೋಮವಾರ, ಪೇಟೆ ತೆರೆದ ಕೂಡಲೇ ಜಿಗಿದು ಎರಡು ಗಂಟೆ ನಿಂತಿತು. ಮತ್ತೆ ತೆರೆದ ಕೆಲವೇ ಕ್ಷಣಗಳಲ್ಲಿ ದಿನದ ಮಟ್ಟಿಗೆ ಬಾಗಿಲು ಹಾಕಿತು. ನಿಜವಾದ ಏರಿಕೆ 2,110 ಅಂಶ, ಅಂದರೆ ಹಿಂದಿನ ಮುಕ್ತಾಯದ ಮೇಲೆ ಶೇ 17.3. ಹಳೆಯ ಅಳತೆಗೋಲಿನಲ್ಲಿ ಅದೇ ಶೇ 20 ದಾಟಿತ್ತು!

ಇನ್ನೊಂದು ತೊಡಕು ವೇಗದ್ದು. 2012ರ ಅಕ್ಟೋಬರ್ 5ರ ಬೆಳಿಗ್ಗೆ ಒಂದು ದಲ್ಲಾಳಿ ಸಂಸ್ಥೆಯಿಂದ ತಪ್ಪಾಗಿ ಹೋದ ದೊಡ್ಡ ಮಾರಾಟದ ಆರ್ಡರ್‌ಗಳು ಸಾಲಿನಲ್ಲಿದ್ದ ಖರೀದಿ ಬೇಡಿಕೆಗಳನ್ನು ಕ್ಷಣಾರ್ಧದಲ್ಲಿ ನುಂಗಿದವು. ಶೇ 10ಕ್ಕೆ ನಿಲ್ಲಬೇಕಿದ್ದ ನಿಫ್ಟಿ ನಿಲ್ಲುವಷ್ಟರಲ್ಲಿ ಶೇ 15.5 ಇಳಿದಿತ್ತು. ಬ್ರೇಕ್ ಇತ್ತು, ಹಿಡಿದಿದ್ದು ಹಳ್ಳ ದಾಟಿದ ಮೇಲೆ.

2013ರಲ್ಲಿ ಗಡಿಯನ್ನು ಹಿಂದಿನ ದಿನದ ಮುಕ್ತಾಯಕ್ಕೆ ಕಟ್ಟಿದರು. 2015ರಲ್ಲಿ, ಸೂಚ್ಯಂಕದ ಷೇರುಗಳಲ್ಲಿ ನಡೆಯುವ ಪ್ರತಿ ವಹಿವಾಟಿನ ನಂತರವೂ ಗಡಿ ಪರೀಕ್ಷಿಸುವಂತೆ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿತು. ಇವೆರಡೂ ಮೊದಲೇ ಆಗಬಹುದಿದ್ದ ತಿದ್ದುಪಡಿಗಳು.

ಫಲ ಕಂಡಿದ್ದು 2020ರ ಮಾರ್ಚ್ 13ರಂದು. ನಿಫ್ಟಿಯ ಹಿಂದಿನ ಮುಕ್ತಾಯ 9,590, ಶೇ 10ರ ಗಡಿ 8,631. ಪೇಟೆ ತೆರೆದ ಕೆಲವೇ ನಿಮಿಷಗಳಲ್ಲಿ ನಿಫ್ಟಿ 8,624ರ ಆಸುಪಾಸಿನಲ್ಲಿ ನಿಂತಿತು. ಮಧ್ಯಾಹ್ನ 1ಕ್ಕೆ ಮುಂಚೆ ಶೇ 10 ಮುಟ್ಟಿದರೆ 45 ನಿಮಿಷದ ವಿರಾಮ, ಬಳಿಕ 15 ನಿಮಿಷ ಆರ್ಡರ್‌ಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆ ಕಂಡುಕೊಳ್ಳುವ ಪ್ರೀ-ಓಪನ್. ವಹಿವಾಟಿನ ಭದ್ರತೆಗೆ ಇಡುವ ಹಣವಾದ ಮಾರ್ಜಿನ್ ಕಟ್ಟಬೇಕಾದವರಿಗೆ ಅದನ್ನು ಹೊಂದಿಸಲು ಸಿಗುವ ಸಮಯ ಅಷ್ಟೇ. ಅಂದು ಸಂಜೆ ಮುಕ್ತಾಯ 9,955, ಶೇ 3.8 ಏರಿಕೆ. ಹತ್ತೇ ದಿನಕ್ಕೆ, ಮಾರ್ಚ್ 23ರಂದು, ಅದೇ 45 ನಿಮಿಷ ನಿಂತ ಸೆನ್ಸೆಕ್ಸ್ ಮತ್ತೆ ಇಳಿದು ಶೇ 13 ನಷ್ಟದಲ್ಲಿ ಮುಗಿಯಿತು.

ಚೀನಾ 2016ರ ಜನವರಿಯಲ್ಲಿ ಶೇ 5ಕ್ಕೆ 15 ನಿಮಿಷ, ಶೇ 7ಕ್ಕೆ ದಿನವಿಡೀ ಎಂಬ ಬಿಗಿ ಗಡಿ ಇಟ್ಟಿತ್ತು. ಎರಡೂ ಹತ್ತಿರವಿದ್ದುದರಿಂದ, ಬಾಗಿಲು ಮುಚ್ಚುವ ಮುನ್ನ ಹೊರಬೀಳಬೇಕೆಂದು ಎಲ್ಲರೂ ಮಾರಿದರು. ಜನವರಿ 4 ಮತ್ತು 7ರಂದು ಪೇಟೆ ಮುಚ್ಚಿತು. ಮರುದಿನವೇ ವ್ಯವಸ್ಥೆಯನ್ನು ಅಮಾನತಿನಲ್ಲಿಟ್ಟರು.